ರಾಯರ ಮೋಟಾರಿನ ಸಪ್ಪಳ

ಬನಹಟ್ಟಿಯ ನೂಲಿನ ಅಂಗಡಿಯ ಗುಮಾಸ್ತ ಶಿದ್ರಾಮಪ್ಪನಿಗೆ ಎದುರು ನಿಂತು ಏನನ್ನೂ ಕೇಳಲು ಬಾಯಿ ಬರುತ್ತಿರಲಿಲ್ಲ. ಪಗಾರ ಹೆಚ್ಚಿಸಬೇಕೆಂದು, ಎರಡು ಮಾರು ಆಚೆ ಕುಳಿತ ಸಾವಕಾರರಿಗೆ ಅರ್ಜಿ ಬರೆದು ಟಪಾಲಿಗೆ ಹಾಕಿದ ಮನುಷ್ಯ. ಸಾವಕಾರರು ಅದನ್ನು ಅವನಿಂದಲೇ ಓದಿಸಿ, "ಅಕ್ಷರ ಭಾಳ ಛಲೋ ಅದಾವಲೇ" ಎಂದು ಮೆಚ್ಚಿ ಸುಮ್ಮನಾಗಿದ್ದರು.

ಇಂಥವನು ಸ್ವಂತ ವ್ಯಾಪಾರಕ್ಕೆ ಹೊರಟಿದ್ದ. ಬನಹಟ್ಟಿಯ ಸೀರೆಗಳನ್ನು ಸಾವಳಗಿ, ಬೀಳಗಿ ಕಡೆ ಒಯ್ದು ಮಾರಲು ಒಂದು ಮೋಟಾರು ಬೇಕಿತ್ತು. ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಪಿಂಚಣಿ ಪಡೆದ ಶಿರಸ್ತೇದಾರ ಪಾಂಡುರಂಗರಾಯರು ತಮ್ಮ ಹಳೆಯ ಮೋಟಾರನ್ನು ಮಾರುವವರಿದ್ದರು. ಮಿಸ್ತ್ರಿ ನೋಡಿ ಒಪ್ಪಿದರೆ ಸಾವಿರದ ನಾನೂರು ಎಂದು ಮಾತಾಯಿತು. ಅದು ಶಿದ್ರಾಮಪ್ಪನ ಇಡೀ ಗಂಟು. ಆ ಹುರುಪಿನಲ್ಲಿ ಅವನು ದೀಪಾವಳಿಗೆ ಕೆಲಸ ಬಿಡುವುದಾಗಿ ಸಾವಕಾರರಿಗೆ ಹೇಳಿಯೂ ಬಿಟ್ಟ, ಅಂದರೆ ಬರೆದು ಬಿಟ್ಟ.

ರಾಯರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಶಿದ್ರಾಮಪ್ಪ ಕರೆತಂದ ಮಹಾಲಿಂಗಪುರದ ಮಿಸ್ತ್ರಿ ಗಿರಿಮಲ್ಲಪ್ಪ, ಅವರ ಅಂಗಳದಲ್ಲಿದ್ದ ಗಾಡಿಯ ಅಡಿಗೆ ಹೊಕ್ಕು ಹೊರಬಿದ್ದ.

"ಇಂಜಿನ್ ಗಟ್ಟಿ ಐತಿ. ಮುಂದಿನ ಗಾಲಿ ತಿರುಗೂ ಕಿಂಗ್‌ಪಿನ್ನು, ಅದರ ಬುಶ್ಶು ಸವದಾವು. ಗಾಡಿ ಭಾರ ಹೊರೂ ಸ್ಪ್ರಿಂಗ್ ಪಾಟಾ ತೂಗಹಾಕಿದ ಪಿನ್ನೂ ಸವದಾವು, ಪಾಟಾದಾಗ ಒಂದ ಪಟ್ಟಿ ಮುರದೈತಿ. ಸಾಮಾನು, ಕೂಲಿ ಕೂಡಿ ನೂರೈವತ್ತು ಹಿಡಿ. ಒಳಗ ಹೋಗಿ ರಾಯರಿಗೆ ಹೇಳು."

"ಪತ್ರ ಬರೀತೀನಿ" ಎಂದ ಶಿದ್ರಾಮಪ್ಪ.

ಲಕೋಟೆಯ ಖರ್ಚು ಉಳಿಸಲು ಕಾರ್ಡಿನಲ್ಲೇ ಬರೆದ. 'ತೀರ್ಥರೂಪ ಸಮಾನರಾದ ರಾಯರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರ. ಇತ್ತ ಕ್ಷೇಮ. ಅತ್ತ ತಮ್ಮ ಮೋಟಾರಿನ ಮುಂಗಾಲು ಅಷ್ಟಾಗಿ ಕ್ಷೇಮವಿಲ್ಲವೆಂದು ಮಿಸ್ತ್ರಿಯವರ ಅಭಿಪ್ರಾಯ. ಕಿಂಗ್‌ಪಿನ್, ಬುಶ್, ಪಾಟಾದ ಪಿನ್ನುಗಳು ಸವೆದಿದ್ದು, ಒಂದು ಪಟ್ಟಿ ಮುರಿದಿದೆ. ದುರಸ್ತಿಗೆ ನೂರೈವತ್ತು ಬೇಕಂತೆ. ಆದಕಾರಣ ಸಾವಿರದ ಇನ್ನೂರೈವತ್ತಕ್ಕೆ ಕೊಡಲು ಒಪ್ಪಿದರೆ ಉಪಕಾರ. ಸಿಟ್ಟಾಗಬಾರದು.'

ಕಾರ್ಡು ರಾಯರಿಗಿಂತ ಮೊದಲು ಊರಿಗೆ ಮುಟ್ಟಿತು. ಟಪಾಲಿನವನು ಓದಿದ, ಕಟ್ಟೆಯ ಮೇಲೆ ಕುಳಿತವರು ಕೇಳಿದರು. ರಾಯರು ಸಂಜೆ ತಿರುಗಾಡಲು ಹೊರಟರೆ, "ಮುಂಗಾಲ ನೋವು ಹೆಂಗದರೀ?" ಎಂದು ಇಬ್ಬರು ವಿಚಾರಿಸಿದರು. ಮರುದಿನವೇ ಶಿದ್ರಾಮಪ್ಪನಿಗೆ ಬುಲಾವು ಬಂತು. ಅವನು ಧೈರ್ಯಕ್ಕೆ ಗಿರಿಮಲ್ಲಪ್ಪನನ್ನು ಮುಂದೆ ಮಾಡಿಕೊಂಡು ಹೋದ.

"ಏನಪಾ, ಡಂಗುರದವನೂ ಇಷ್ಟ ಛಲೋ ಸಾರತಿದ್ದಿಲ್ಲ" ಎಂದರು ರಾಯರು. "ನನ್ನ ಗಾಡಿಗೆ ಏನೂ ಆಗಿಲ್ಲ. ಟಕ್ ಟಕ್ ಅಂತದಲ್ಲ, ಅದು ಗಾಡಿ ಸಪ್ಪಳ ಅಲ್ಲ, ಮುಧೋಳ ರಸ್ತೆ ಸಪ್ಪಳ."

ಶಿದ್ರಾಮಪ್ಪ ಹೌದೆಂದು ತಲೆಯಾಡಿಸುತ್ತಿದ್ದಂತೆ ಗಿರಿಮಲ್ಲಪ್ಪ ಜಾಕು ಹಚ್ಚಿ ಮುಂದಿನ ಗಾಲಿ ಎತ್ತಿದ. ಮೇಲೊಂದು, ಕೆಳಗೊಂದು ಕೈ ಹಿಡಿದು ಅಲುಗಿಸಿದ. ಟಕ್ ಟಕ್.

"ಬೇರಿಂಗ್ ಸಡ್ಲಾಗಿರಬೇಕು. ಬಿಗದರ ಮುಗೀತು" ಎಂದರು ರಾಯರು.

"ಹಂಗಾರ ನೀವ ಒಳಗ ಕುಂತು ಬ್ರೇಕ್ ಒತ್ತಿ ಹಿಡೀರಿ. ಬೇರಿಂಗ್ ಆಗಿದ್ರ ಅಲುಗೂದು ನಿಂದರತೈತಿ."

ರಾಯರು ಹಲ್ಲು ಕಚ್ಚಿ ಒತ್ತಿದರು. ಟಕ್ ಟಕ್.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರ ಹೆಂಡತಿ ಕಾಶೀಬಾಯಿ ಕೇಳಿದರು: "ಅಲ್ರೀ, ಗಾಲಿ ನೆಲಕ್ಕೇ ಹತ್ತಿಲ್ಲ. ಮುಧೋಳ ರಸ್ತೆ ಎಲ್ಲಿಂದ ಬಂತು?"

ರಾಯರು ಇಳಿದು ಬಂದು, ಗಾಲಿಯನ್ನು ತಾವೇ ಹಿಡಿದು ಅಲುಗಿಸಿ ನೋಡಿದರು. ಮುಖ ಸಣ್ಣದಾಯಿತು. ಹತ್ತು ವರ್ಷ ರಸ್ತೆಯನ್ನು ಬೈದ ಮನುಷ್ಯ. ಅದನ್ನು ಕಂಡು ಶಿದ್ರಾಮಪ್ಪನ ಕರುಳು ಕರಗಿ, ಎಂದೂ ಬಾರದ ಬಾಯಿ ಆಗಲೇ ಬಂತು.

"ರಾಯರ, ಇನ್ನೊಂದ ಐವತ್ತು ಸೇರಸ್ತೀನ್ರಿ. ಸಾವಿರದ ಮುನ್ನೂರು ಮಾಡೋಣು."

ಗಿರಿಮಲ್ಲಪ್ಪ ಹಣೆ ಹಿಡಿದುಕೊಂಡ. "ಯಪ್ಪಾ, ನೀ ಪತ್ರಾನೇ ಬರೀ!"

ಕಾಶೀಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಇವ ಸೀರಿ ಮಾರತಾನಂತ? ಹೆಂಗಸರು ಎರಡ ಮಾತಾಡಿದರ ಗಂಟು ಸಹಿತ ಕೊಟ್ಟ ಬರತಾನ."

"ಆ ಐವತ್ತು ನನಗ ಕೊಟ್ಟರ ಬುಶ್ ಯಾರು ಹಾಕಸ್ತಾರ, ನಿಮ್ಮ ಸಾವಕಾರನ?" ಎಂದರು ರಾಯರು. ಸಿಟ್ಟು ಎಲ್ಲಿ ಹೋಯಿತೋ, ದನಿಯಲ್ಲಿ ಹಳೆಯ ಶಿರಸ್ತೇದಾರಿಕೆ ಮರಳಿತ್ತು. "ಸಾವಿರದ ಇನ್ನೂರೈವತ್ತು. ಒಂದ ರೂಪಾಯಿ ಹೆಚ್ಚು ಕೊಟ್ಟೀ ಅಂದ್ರ ಗಾಡಿ ಕೊಡಂಗಿಲ್ಲ, ನೋಡು. ಮೊದಲ ಮಹಾಲಿಂಗಪುರಕ್ಕ ಹೊಡಕೊಂಡ ಹೋಗಿ ದುರಸ್ತಿ ಮಾಡಸು. ಮೆಲ್ಲಕ ಹೋಗ್ರಿ."

ಶಿದ್ರಾಮಪ್ಪ ಕೀಲಿ ಇಸಿದುಕೊಂಡು, ಗಾಡಿಗೆ ಒಂದು ಸುತ್ತು ಹಾಕಿ, ಮತ್ತೆ ರಾಯರ ಮುಂದೆಯೇ ಬಂದು ನಿಂತ.

"ಏನು?" ಎಂದರು ರಾಯರು.

"ನನಗ ಗಾಡಿ ಹೊಡ್ಯಾಕ ಬರೂದಿಲ್ರಿ."

ಗಿರಿಮಲ್ಲಪ್ಪ ಕೀಲಿ ಕಸಿದುಕೊಂಡು, ಜಾಕು ಇಳಿಸಿ, ಸ್ಟೇರಿಂಗ್ ಮುಂದೆ ಕುಳಿತ.