ಆರನೇ ನಂಬರಿನ ಹಾಜರಿ

ನನ್ನ ಹಾಜರಿ ಪುಸ್ತಕ ನೋಡಿದವರೆಲ್ಲ ಮೆಚ್ಚುತ್ತಿದ್ದರು. ಬಂದವರಿಗೆ ಚುಕ್ಕೆ, ಬಾರದವರಿಗೆ A. ಮಳೆಗೆ ಜಿಲ್ಲೆಯಲ್ಲಿ ರಜೆ ಸಾರಿದ ದಿನ ಆ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ HOLIDAY ಎಂದು, ಒಂದು ಮನೆಗೆ ಒಂದು ಅಕ್ಷರದಂತೆ ಬರೆಯುವುದು ನನ್ನ ಕ್ರಮ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಕಡಬದ ಕಡೆಯ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಶೇಕಡಾ ಎಪ್ಪತ್ತೈದು ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ. ಪ್ರಾಂಶುಪಾಲರು ಕಡಿಮೆ ಇದ್ದವರ ಪಟ್ಟಿ ಕೇಳಿದಾಗ ನಾನು ಪುಟಗಳ ಫೋಟೊ ತೆಗೆದು, ಮೊಬೈಲಿನ ಆ್ಯಪ್‌ಗೆ ಕೊಟ್ಟು ಎಕ್ಸೆಲ್‌ಗೆ ಇಳಿಸಿದೆ. ಪ್ರತಿ ಸಾಲಿನ A ಎಣಿಸಿ, ಅಲ್ಲಿಯವರೆಗಿನ ಇನ್ನೂರು ಕೆಲಸದ ದಿನದಿಂದ ಕಳೆದು ಶೇಕಡಾ ತೆಗೆಯುವ ಸೂತ್ರ ಹಾಕಿದೆ. ಮೊದಲ ಮೂವರದ್ದನ್ನು ಕೈಯಲ್ಲೂ ಲೆಕ್ಕ ಹಾಕಿದೆ, ತಾಳೆಯಾಯಿತು. ಆರನೇ ನಂಬರಿನ ಹುಡುಗಿಗೆ ಐವತ್ತನಾಲ್ಕು A, ಎಪ್ಪತ್ತಮೂರು ಶೇಕಡಾ. ಉಳಿದ ಹದಿನೈದು ದಿನ ಪೂರ್ತಿ ಬಂದರೂ ಎಪ್ಪತ್ತೈದು ಮುಟ್ಟುವುದಿಲ್ಲ.

ಆಲಂಕಾರಿನಿಂದ ಬರುವವಳು, ಓದುವ ಹುಡುಗಿ. ಅಜ್ಜಿಯನ್ನು ಪುತ್ತೂರಿನ ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಟ್ಟಿ ಕಂಡು ಅವಳು ವಾದಿಸಲಿಲ್ಲ. "ನಂಗೆ ಗೊತ್ತಿತ್ತು ಮೇಡಂ, ರಜೆ ಹಾಕುದು ಜಾಸ್ತಿ ಆಗಿತ್ತು" ಎಂದಳು. ಮರುದಿನದಿಂದ ಬರಲಿಲ್ಲ. ಹೇಗೂ ಹೆಸರು ಪಟ್ಟಿಗೆ ಹೋಗಿದೆಯಲ್ಲ ಎಂದು ನಾನೂ ವಿಚಾರಿಸಲಿಲ್ಲ. ದಿನಾ ಬೆಳಿಗ್ಗೆ ಅವಳ ಮುಂದೆ ಒಂದು A ಹಾಕಿ ಮುಂದೆ ಹೋಗುತ್ತಿದ್ದೆ. ಹೀಗೆ ಹನ್ನೆರಡು ದಿನ.

ಹನ್ನೆರಡನೇ ದಿನ ಪ್ರಾಂಶುಪಾಲರು ಪಟ್ಟಿಯಲ್ಲಿದ್ದವರ ತಿಂಗಳುವಾರು ಲೆಕ್ಕ ಕೇಳಿದರು. ಜುಲೈಯಲ್ಲಿ ಅವಳಿಗೆ ಎಕ್ಸೆಲ್ ಹನ್ನೊಂದು A ತೋರಿಸುತ್ತಿತ್ತು. ಪುಸ್ತಕದಲ್ಲಿ ನಾನು ಎಣಿಸಿದರೆ ನಾಲ್ಕು. ಫೋಟೊ ದೊಡ್ಡದು ಮಾಡಿ ನೋಡಿದೆ. HOLIDAYಯ ಆರನೇ ಅಕ್ಷರ A. ಅದು ಬಿದ್ದದ್ದು ಆರನೇ ಸಾಲಿನಲ್ಲಿ, ಅವಳ ಹೆಸರಿನ ಮುಂದಿನ ಮನೆಯಲ್ಲಿ. ವರ್ಷದಲ್ಲಿ ಅಂಥ ರಜೆ ಹನ್ನೆರಡು. ಅಂದರೆ ಪಟ್ಟಿ ಮಾಡಿದ ದಿನ ಅವಳ ನಿಜವಾದ ಗೈರು ನಲವತ್ತೆರಡು, ಹಾಜರಿ ಎಪ್ಪತ್ತೊಂಬತ್ತು.

"ಎಂತ ಮೇಡಂ, ಲೆಕ್ಕ ಸರಿ ಉಂಟಲ್ಲ?" ಪ್ರಾಂಶುಪಾಲರು ಕೇಳಿದರು.

"ಇಲ್ಲ ಸರ್. ಆರನೇದು ತಪ್ಪಿದೆ. ನನ್ನದೇ ತಪ್ಪು."

ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿ ನೋಡಿ, "ಹಾಗಾದ್ರೆ ಬೇಗ ಕರೆಸಿ ಮಾರಾಯ್ರೆ. ಕೊನೇ ದಿನದ ಲೆಕ್ಕವೇ ಬೋರ್ಡಿಗೆ ಹೋಗುದು" ಎಂದರು.

ಫೋನ್ ಮಾಡಿದೆ. ಆಚೆ ಹೊಲಿಗೆ ಯಂತ್ರಗಳ ಸದ್ದು. ಟೈಲರ್ ಅಂಗಡಿಗೆ ಸೇರಿದ್ದಳಂತೆ. ತಪ್ಪು ನನ್ನದೆಂದು, ಅವಳ ಹೆಸರು ಆ ಪಟ್ಟಿಗೆ ಬರಲೇಬಾರದಿತ್ತೆಂದು ಹೇಳಿದೆ. ಯಂತ್ರದ ಸದ್ದಿನಿಂದ ದೂರ ಬಂದಳೆಂದು ಕಾಣುತ್ತದೆ, ಅವಳ ಉಸಿರು ಕೇಳಿಸಿತು.

"ಹಾಗಾದ್ರೆ ನಾಳೆಯಿಂದ ಬಂದ್ರೆ ಆಗ್ತದಾ ಮೇಡಂ?"

ಪುಸ್ತಕ ನನ್ನ ಮುಂದೆಯೇ ಇತ್ತು. ಈಗ ಇನ್ನೂರ ಹನ್ನೆರಡು ದಿನಕ್ಕೆ ಅವಳ ಹಾಜರಿ ನೂರ ಐವತ್ತೆಂಟು. ತರಗತಿ ಉಳಿದಿದ್ದದ್ದು ಮೂರು ದಿನ. ಮೂರೂ ದಿನ ಬಂದರೆ ಇನ್ನೂರ ಹದಿನೈದಕ್ಕೆ ನೂರ ಅರವತ್ತೊಂದು. ಶೇಕಡಾ ಎಪ್ಪತ್ತೈದಕ್ಕೆ ನೂರ ಅರವತ್ತೆರಡು ಬೇಕು.

"ಮೇಡಂ, ಕೇಳ್ತಾ ಉಂಟಾ?" ಎಂದಳು.