ಎಲೆ ಅಡಿಕೆಯ ಮೇಲಿಟ್ಟ ಲೀಸ್ ದುಡ್ಡು

ವಿಮಲಮ್ಮನವರನ್ನು ನಾನು ಮೊದಲು ನೋಡಿದ್ದು ಅವರೆಕಾಯಿ ಕಾಲದ ಒಂದು ಭಾನುವಾರ. ಮಾರೇನಹಳ್ಳಿಯ ಒಳರಸ್ತೆಯಲ್ಲಿ ಒಂದು ಮನೆಯ ಗೇಟಿಗೆ ‘ರೂಮ್ ಖಾಲಿ ಇದೆ’ ಎಂಬ ರಟ್ಟು ನೇತಾಡುತ್ತಿತ್ತು. ಒಳಗೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ ಹೆಂಗಸು ನೆನೆಸಿದ ಕಾಳು ಹಿತುಕುತ್ತಿದ್ದರು. ಹಸಿರು ನೂಲಿನ ಸೀರೆ, ದೊಡ್ಡ ಮೂಗುತಿ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿತ್ತು. ನಾನು “ಆಂಟಿ” ಎಂದೆ.

“ಆಂಟಿ ಗೀಂಟಿ ಬೇಡ ಕಣವ್ವ, ಅಮ್ಮ ಅನ್ನು. ಯಾವೂರು?”

“ತುರುವೇಕೆರೆ ಹತ್ರ.”

“ಹಂಗಾದ್ರೆ ಕಾಳು ಹಿತುಕೋಕೆ ಬರ್ಬೇಕಲ್ಲ. ಕೂತ್ಕೋ.”

ಬಟ್ಟಲು ಖಾಲಿಯಾಗುವಷ್ಟರಲ್ಲಿ ನಾನು ಡಿಗ್ರಿ ಮಾಡಿದ್ದು, ಹತ್ತಿರದ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿದ್ದು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ತಾರಸಿಯ ಶೀಟಿನ ರೂಮಿನ ಬೀಗದ ಕೈ ಕೊಟ್ಟರು.

ಮಾರೇನಹಳ್ಳಿ ಹಳ್ಳಿಯಾಗಿದ್ದಾಗ ಅವರ ಮಾವನವರಿಗೆ ಅಲ್ಲಿ ಹೊಲವಿತ್ತಂತೆ. ಹೊಲ ಬಡಾವಣೆಯಾಗಿ, ಕೊನೆಗೆ ಉಳಿದದ್ದು ಈ ಸೈಟು. ಗಂಡ ಚಿಕ್ಕಣ್ಣ ಮನೆ ಕಟ್ಟಿಸಿ ತೀರಿಕೊಂಡಿದ್ದರು. ಮಗಳು ಲತಾ ಮದುವೆಯಾಗಿ ಕೆಂಗೇರಿಗೆ ಸೇರಿದ್ದಳು. ಕೆಳಗೆ ವಿಮಲಮ್ಮ, ಮೇಲಿನ ಮನೆಯಲ್ಲಿ ಹಾವೇರಿ ಕಡೆಯ ಕಲ್ಮೇಶ್ ಮತ್ತು ಅವನ ಹೆಂಡತಿ ಸೌಮ್ಯಶ್ರೀ. ಅವನು ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದ.

ಕಲ್ಮೇಶ್ ಇದ್ದದ್ದು ಲೀಸಿಗೆ. ಬಾಡಿಗೆ ಇಲ್ಲ. ಹತ್ತು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಇರುವುದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು. ಆ ಹಣದ ಬಡ್ಡಿಯೇ ಮನೆಯ ಮಾಲೀಕರಿಗೆ ಬಾಡಿಗೆ. ಹಿಂದೆಲ್ಲ ಹೊಸಬರು ತಂದ ಹಣವನ್ನೇ ವಿಮಲಮ್ಮ ಹಳಬರಿಗೆ ಕೊಟ್ಟು ಕಳಿಸಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ಅದರ ಮೇಲೆ ಚೆಕ್ಕು. “ಇಷ್ಟು ವರ್ಷದಲ್ಲಿ ಒಬ್ರನ್ನೂ ನಾಳೆ ಬಾ ಅಂದಿಲ್ಲ” ಎಂಬುದೇ ಅವರ ಹೆಮ್ಮೆ.

ಕಲ್ಮೇಶನ ಹಣ ಬ್ಯಾಂಕಿನಲ್ಲಿತ್ತು. ತಿಂಗಳಿಗೆ ಆರು ಸಾವಿರವೂ ಬರುತ್ತಿರಲಿಲ್ಲ. ಒಂದು ದಿನ ವಿಮಲಮ್ಮನ ಮೈದುನನ ಮಗ ಭೈರೇಶ್ ಬಂದ. ಚಂದ್ರಾ ಲೇಔಟ್‌ನಲ್ಲಿ ಒಂದು ಕಂಪನಿ ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ಕೊಡುತ್ತದೆ, ಚಿನ್ನದ ವ್ಯಾಪಾರವಂತೆ, ತಾನೂ ಹಾಕಿದ್ದೇನೆ ಎಂದ. ಹೊಸಬರನ್ನು ಸೇರಿಸಿದವರಿಗೆ ಕಮಿಷನ್ ಉಂಟು ಎಂಬುದನ್ನು ಅವನು ಆಗ ಹೇಳಲಿಲ್ಲ.

ನಾನು ಅನುಮಾನಪಟ್ಟೆ. “ಅಮ್ಮ, ವರ್ಷಕ್ಕೆ ನೂರಕ್ಕೆ ಮೂವತ್ತಾರು. ನಮ್ಮ ಸಂಘದಲ್ಲಿ ಸಾಲ ತಗೊಂಡೋರೂ ಅದರ ಅರ್ಧ ಬಡ್ಡಿ ಕಟ್ಟಲ್ಲ. ವ್ಯಾಪಾರ ಅಂದ್ರೆ ಒಂದು ತಿಂಗಳು ಲಾಭ, ಒಂದು ತಿಂಗಳು ನಷ್ಟ. ಇವರು ಪ್ರತಿ ತಿಂಗಳೂ ಅಷ್ಟೇ ಹೆಂಗೆ ಕೊಡ್ತಾರೆ?”

“ನೀನು ಬಾಡಿಗೆ ಎಲ್ಲಿಂದ ತಂದು ಕೊಡ್ತೀಯ ಅಂತ ನಾನು ಕೇಳ್ತೀನಾ?” ಎಂದು ನಕ್ಕರು. ಭೈರೇಶನೂ ನಕ್ಕ. “ದೊಡ್ಡಮ್ಮ, ಓದಿರೋರಿಗೆ ಬರೀ ಡೌಟು!”

ಹತ್ತು ಲಕ್ಷವೂ ಕಂಪನಿಗೆ ಹೋಯಿತು. ಪ್ರತಿ ತಿಂಗಳು ಮೊದಲ ವಾರ ಮೂವತ್ತು ಸಾವಿರ ಬರತೊಡಗಿತು. ಸೋರುತ್ತಿದ್ದ ಸಂಪು ರಿಪೇರಿಯಾಯಿತು. ಲತಾಳ ಬಾಣಂತನ ಚೆನ್ನಾಗಿ ನಡೆಯಿತು. ಮೊಮ್ಮಗುವಿನ ಕೈಗೆ ಬಳೆ ಬಂತು. ಕಂಪನಿಯ ವ್ಯಾಪಾರವನ್ನು ಯಾರೂ ಕಂಡಿರಲಿಲ್ಲ, ಆದರೆ ಬರುವ ಹಣವನ್ನು ಎಲ್ಲರೂ ಕಂಡಿದ್ದರು. ಅದನ್ನು ನೋಡಿಯೇ ರಸ್ತೆಯ ಇನ್ನೂ ಕೆಲವರು ಹಾಕಿದರು.

ಮುಂದಿನ ಶ್ರಾವಣದ ಹೊತ್ತಿಗೆ ಹಣ ತಡವಾಯಿತು. ಕಂಪನಿಯವರು ಮೊದಲು ಸಾಫ್ಟ್‌ವೇರ್ ಬದಲಾಗುತ್ತಿದೆ ಎಂದರು. ಆಮೇಲೆ ಆಡಿಟ್ ಎಂದರು. ಅಸಲು ಕೇಳಿದವರಿಗೆ, ಈಗ ತೆಗೆಯದಿದ್ದರೆ ಲಕ್ಷಕ್ಕೆ ತಿಂಗಳಿಗೆ ನಾಲ್ಕು ಸಾವಿರ ಎಂದು ಆಸೆ ತೋರಿಸಿದರು. ಅದೇ ಸಮಯಕ್ಕೆ ಕಲ್ಮೇಶ್ ಬಂದು ಮೆಟ್ಟಿಲ ಬಳಿ ನಿಂತ.

“ಅಮ್ಮಾರ, ಉಲ್ಲಾಳದಾಗ ಒಂದ್ ಸಣ್ಣ ಮನಿ ಗೊತ್ತು ಮಾಡೇನ್ರಿ. ದೀಪಾವಳಿ ಒಳಗ ರೊಕ್ಕ ಕೊಡಬೇಕು. ತಪ್ಪಿದ್ರ ಕೊಟ್ಟ ಅಡ್ವಾನ್ಸೂ ಹೋಗ್ತೈತ್ರಿ. ಲೀಸೂ ಮುಗೀತು.”

“ಕೊಡ್ತೀನಿ ಕಣಪ್ಪ” ಎಂದರು ವಿಮಲಮ್ಮ. ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ಕಂಪನಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡರು. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಹೊರಗೆ ಮೆಟ್ಟಿಲ ತುಂಬ ಜನ. ಟೈ ಕಟ್ಟಿದ ಹುಡುಗ ತುಂಬ ಮರ್ಯಾದೆಯಿಂದ ಮಾತಾಡಿದ. “ಮೇಡಂ, ನಿಮ್ಮ ಕಡೆಯಿಂದ ಒಂದು ಹೊಸ ಡೆಪಾಸಿಟ್ ತನ್ನಿ. ನಿಮ್ಮ ಅಸಲು ಮೊದಲು ರಿಲೀಸ್ ಮಾಡಿಸ್ತೀನಿ.”

ಹೊರಗೆ ಬಂದಾಗ ಭೈರೇಶ್ ಕಾಯುತ್ತಿದ್ದ. “ದೊಡ್ಡಮ್ಮ, ಪಟಾಲಮ್ಮನ್ನ ಕೇಳಿ. ಅವರ ಗಂಡನ ಪಿಎಫ್ ದುಡ್ಡು ಬಂದಿದೆಯಂತಲ್ಲ.”

ಪಟಾಲಮ್ಮ ಎದುರು ಮನೆಯವರು. ಆ ವರ್ಷವೇ ಗಂಡನನ್ನು ಕಳೆದುಕೊಂಡಿದ್ದರು. ಹಿಂದೊಮ್ಮೆ ತಾವೇ ಬಂದು, “ನನ್ನದೂ ಹಾಕಿಸ್ತೀಯಾ ವಿಮ್ಲಾ?” ಎಂದು ಕೇಳಿದ್ದರು. ಈಗ ವಿಮಲಮ್ಮ ಒಂದು ಮಾತು ಕೇಳಿದರೆ ಸಾಕು, ಹಣ ಬರುತ್ತಿತ್ತು.

ವಿಮಲಮ್ಮ ನೇರ ಪಟಾಲಮ್ಮನ ಮನೆಗೇ ಹೋದರು. ಗೇಟಿನ ಚಿಲಕದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಪಟಾಲಮ್ಮ ಬಾಗಿಲಿಗೆ ಬಂದು, “ಬಾ ವಿಮ್ಲಾ, ಯಾಕ್ ಹಂಗ್ ನಿಂತಿದೀಯ? ಕಾಫಿ ಕುಡಿಯೋಣ” ಎಂದರು.

“ಇಲ್ಲ ಕಣೇ, ಸುಮ್ನೆ ಬಂದೆ” ಎಂದು ತಿರುಗಿಬಿಟ್ಟರು.

ಮನೆಗೆ ಬಂದು ಹಿಂದೆಯೇ ಬಂದ ಭೈರೇಶನಿಗೆ ಹೇಳಿದರು: “ಹೊಸಬರ ದುಡ್ಡು ಹಳಬರಿಗೆ ಕೊಡೋದು ನಂಗೆ ಗೊತ್ತಿರೋ ಕೆಲಸವೇ ಕಣೋ. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಆದ್ರೆ ನನ್ನ ಹತ್ರ ಬಂದ ಹೊಸಬ ಮನೇಲಿ ವಾಸ ಮಾಡ್ತಾನೆ. ಪಟಾಲಮ್ಮ ಏನ್ರಲ್ಲಿ ವಾಸ ಮಾಡ್ತಾಳೆ? ಅಲ್ಲಿ ಗೋಡೆನೇ ಇಲ್ಲವಲ್ಲೋ. ತಿಂಗಳು ತಿಂಗಳು ಬಂದಿದ್ದು ನಮ್ಮ ಅಸಲೇ. ಮುಗಿದ ಮೇಲೆ ಇನ್ನೊಬ್ರದ್ದು. ಈಗ ಇನ್ನೊಬ್ರು ಬರ್ತಾ ಇಲ್ಲ, ಅಷ್ಟೇ.”

“ನಂದೂ ಹೋಯ್ತು ದೊಡ್ಡಮ್ಮ” ಎಂದು ಭೈರೇಶ್ ಮೆಟ್ಟಿಲ ಮೇಲೆ ಕೂತು ಅತ್ತ.

ಹದಿನೈದು ದಿನದೊಳಗೆ ಗಾಜಿನ ಬಾಗಿಲಿಗೆ ಬೀಗ ಬಿತ್ತು. ಪೊಲೀಸರಿಗೆ ದೂರು ಹೋಯಿತು. ಕಂಪನಿಯ ಆಸ್ತಿ ಹುಡುಕಿ ಹಂಚಲು ಸರ್ಕಾರ ಒಬ್ಬ ಅಧಿಕಾರಿಯನ್ನು ನೇಮಿಸಿತು. ವಿಮಲಮ್ಮನ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಈಗಾಗಲೇ ಬಂದ ಬಡ್ಡಿಯನ್ನು ಅಸಲಿನಲ್ಲಿ ಕಳೆದು ಲೆಕ್ಕ ಹಾಕುತ್ತಾರೆ, ಸಿಕ್ಕ ಆಸ್ತಿ ಮಾರಿ ಎಲ್ಲರಿಗೂ ಪಾಲು ಹಾಕಬೇಕು, ಎಷ್ಟು ವರ್ಷವೋ ಗೊತ್ತಿಲ್ಲ ಎಂದರು ಅಲ್ಲಿನವರು. ವಿಮಲಮ್ಮ ಕೇಳಿದ್ದು ಒಂದೇ: “ಮಗುವಿನ ಬಳೆನೂ ಕಳೀತಾರಾ?”

ಕಲ್ಮೇಶ್ ಇದ್ದ ಮನೆಗೆ ಲೀಸಿಗೆ ಹೊಸಬರು ತಕ್ಷಣ ಸಿಗಲಿಲ್ಲ. ಮೇಲಿನ ಮನೆಯ ಮೆಟ್ಟಿಲು ಕಡಿದಾಗಿದ್ದರಿಂದ ಬಂದ ವಯಸ್ಸಾದವರೆಲ್ಲ ಕೆಳಗಿನದೇ ಕೇಳಿದರು. ಕೊನೆಗೆ ವಿಮಲಮ್ಮ ತಾವಿದ್ದ ಮನೆಯನ್ನೇ ಲೀಸಿಗೆ ಕೊಟ್ಟರು. ದೇವರ ಪಟಗಳನ್ನು ಇಳಿಸುವಾಗ ಗೋಡೆಯಲ್ಲಿ ಬಿಳಿ ಚೌಕಗಳು ಉಳಿದವು. ಚಿಕ್ಕಣ್ಣ ಹೊಡೆದಿದ್ದ ಮೊಳೆಗಳನ್ನು ಕೀಳುವುದು ಬೇಡ ಎಂದರು.

ದೀಪಾವಳಿಗೆ ಮುಂಚಿನ ಸೋಮವಾರ ಹಿತ್ತಾಳೆ ತಟ್ಟೆ ಹೊರಬಂತು. ಎಲೆ ಅಡಿಕೆ, ಅದರ ಮೇಲೆ ಚೆಕ್ಕು. ಸೌಮ್ಯಶ್ರೀ ಅವರ ಕಾಲಿಗೆ ಬಿದ್ದಳು. ಕಲ್ಮೇಶ್ ತಟ್ಟೆ ಹಿಡಿದು, “ಅಮ್ಮಾರ, ನೀವು ಎಲ್ಲಿ ಇರ್ತೀರಿ?” ಎಂದ.

“ಮೇಲೆ ಗಾಳಿ ಚೆನ್ನಾಗಿದೆ ಕಣಪ್ಪ.”

ಅವರಿಗೆ ಜಾಗವಾಗಲೆಂದು ನಾನು ತಾರಸಿಯ ರೂಮು ಬಿಟ್ಟು ಉಲ್ಲಾಳದ ಕಡೆ ಬಂದೆ. ಕಲ್ಮೇಶ್ ಬಿಟ್ಟ ಮನೆಗೆ ಆಮೇಲೆ ಬಾಡಿಗೆಯವರು ಸಿಕ್ಕರು. ಆ ಬಾಡಿಗೆಯ ಬಹುಪಾಲನ್ನು ವಿಮಲಮ್ಮ ಪ್ರತಿ ತಿಂಗಳು ನಮ್ಮ ಸಂಘಕ್ಕೆ ತಂದು ಕಟ್ಟುತ್ತಾರೆ. ಕೆಳಗಿನ ಮನೆಯವರಿಗೆ ಒಂದು ದಿನ ಅವರ ಲೀಸ್ ಹಣವನ್ನು ವಾಪಸು ಕೊಡಬೇಕಲ್ಲ. ಆ ದಿನ ಗೇಟಿನವರೆಗೆ ಏನು ಕೇಳಲು ಬಂದಿದ್ದೆ ಎಂಬುದನ್ನು ಅವರು ಪಟಾಲಮ್ಮನಿಗೆ ಇವತ್ತಿಗೂ ಹೇಳಿಲ್ಲ.

ವಿಮಲಮ್ಮ ಈಗ ತಾರಸಿಯ ಶೀಟಿನ ರೂಮಿನಲ್ಲಿ ಒಬ್ಬರೇ ಇದ್ದಾರೆ. ಅವರೆಕಾಯಿ ಕಾಲದಲ್ಲಿ ಚಂದ್ರಾ ಲೇಔಟ್‌ನ ದರ್ಶಿನಿ ಹೋಟೆಲೊಂದಕ್ಕೆ ಕಾಳು ಹಿತುಕಿ ಕೊಡುತ್ತಾರೆ, ಉಳಿದ ತಿಂಗಳುಗಳಲ್ಲಿ ಬೆಳ್ಳುಳ್ಳಿ ಸುಲಿದು ಕೊಡುತ್ತಾರೆ.