ಪುಷ್ಯಕ್ಕೆ ಎಪ್ಪತ್ತೊಂಬತ್ತು

ಕುಮಟೆಯ ಕೋರ್ಟಿನೆದುರು ಹಳೆಯ ಕಾಗದಗಳನ್ನು ಓದಿಕೊಡುತ್ತಿದ್ದ ವಾಮನ ಶಾನಭಾಗರು, ಬಂದವರ ಮುಖಕ್ಕಿಂತ ಮೊದಲು ಪತ್ರದ ತಿಥಿಯನ್ನು ನೋಡುವವರು. ೧೯೬೧ರಲ್ಲಿ ಧಾರೇಶ್ವರದ ತಿಮ್ಮಿ ತನ್ನ ತರಕಾರಿ ಗದ್ದೆಯ ದಾವೆಯ ಕಾಗದಗಳನ್ನು ಅವರ ಮುಂದಿಟ್ಟಳು. ಗದ್ದೆಯ ಮಾಲೀಕ ಅದನ್ನು ಅವಳ ಅಜ್ಜನಿಗೆ ಶಾಶ್ವತವಾಗಿ ಗೇಣಿಗೆ ಕೊಟ್ಟ ಪತ್ರದಲ್ಲಿ ೧೮೯೦ರ ಜೂನ್ ಎಂದಿತ್ತು. ಅದೇ ಮಾಲೀಕ ಗದ್ದೆಯನ್ನು ಬೇರೊಬ್ಬರಿಗೆ ಮಾರಿದ ಪತ್ರವನ್ನು ಎದುರುಪಕ್ಷದವರು ತಂದಿದ್ದರು. ಅದರಲ್ಲಿದ್ದುದು ಶಕೆ ೧೮೧೨, ವಿಕೃತಿ ಸಂವತ್ಸರ, ಪುಷ್ಯ ಬಹುಳ ಪಂಚಮಿ. ಅವರ ತರ್ಜುಮೆಯಲ್ಲಿ ಅದು ೧೮೯೦ರ ಜನವರಿಯಾಗಿತ್ತು. ಮಾರಾಟವೇ ಮೊದಲಾದರೆ ಗೇಣಿಪತ್ರ ನಿಲ್ಲದು, ತಿಮ್ಮಿಯ ಗದ್ದೆ ಹೋದಂತೆಯೇ.

“ಇವರು ಶಕೆಗೆ ಎಪ್ಪತ್ತೆಂಟು ಕೂಡಿಸಿದ್ದಾರೆ,” ಎಂದರು ಶಾನಭಾಗರು.

“ಅದ್ರಲ್ಲಿ ತಪ್ಪೆಂತ ಒಡೆಯಾ?”

“ಶಕೆ ಬದಲಾಗೋದು ಯುಗಾದಿಗೆ, ಇಸವಿ ಬದಲಾಗೋದು ಜನವರಿಗೆ. ಡಿಸೆಂಬರ್ ತನಕ ಎಪ್ಪತ್ತೆಂಟು ಸರಿ. ಜನವರಿ ಬಂದ ಮೇಲೆ ಯುಗಾದಿ ತನಕ ಎಪ್ಪತ್ತೊಂಬತ್ತು.”

ಅವರು ಹಳೆಯ ಪಂಚಾಂಗ ತೆಗೆದು ನೋಡಿದರು. ಆ ಸಂವತ್ಸರದ ಪುಷ್ಯ ಬಹುಳ ಪಂಚಮಿ ಬಿದ್ದದ್ದು ೧೮೯೧ರ ಜನವರಿಯ ಕೊನೆಗೆ.

“ನಿನ್ನ ಅಜ್ಜನ ಪತ್ರಕ್ಕಿಂತ ಅವರದ್ದು ಏಳು ತಿಂಗಳು ಚಿಕ್ಕದು,” ಎಂದು ಲೆಕ್ಕವನ್ನು ಬರೆದು ಸಹಿ ಹಾಕಿಕೊಟ್ಟರು.

ತಿಮ್ಮಿ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. “ಆತು. ಹಂಗಾರೆ ನಾಳೆ ಹರಿವೆ ಬೀಜ ಹಾಕ್ತೆ.”

“ತೀರ್ಪು ಬರಲಿ ಮಾರಾಯ್ತಿ.”

“ಹರಿವೆ ತೀರ್ಪಿಗೆ ಕಾಯ್ತದ್ಯ ಒಡೆಯಾ?”

ಶಾನಭಾಗರು ಅಂದು ಮೊದಲ ಬಾರಿಗೆ ಅವಳ ಮುಖ ನೋಡಿ ನಕ್ಕರು.